ಗುಳೆ ಹೋದವರ ಮಾತಿನಿಂದ ಪರಿಕಲ್ಪನೆ ಕಟ್ಟುವುದು ಹೇಗೆ: ಗ್ರೌಂಡೆಡ್ ಥಿಯರಿಗೆ ಒಂದು ಮಾರ್ಗದರ್ಶಿ

ಗುಳೆಯ ಬಗ್ಗೆ ಸಂಶೋಧನೆಗೆ ಹೊರಡುವ ವಿದ್ಯಾರ್ಥಿಯ ಚೀಲದಲ್ಲಿ ಉತ್ತರ ಮೊದಲೇ ಇರುತ್ತದೆ. ಲಿಂಗಸುಗೂರು, ದೇವದುರ್ಗ, ಕುಷ್ಟಗಿ, ಯಲಬುರ್ಗಾ ಕಡೆಯ ಮಳೆಯಾಶ್ರಿತ ಊರುಗಳಿಂದ ಜನ ಬೆಂಗಳೂರಿಗೋ ಹೈದರಾಬಾದಿಗೋ ಏಕೆ ಹೋಗುತ್ತಾರೆ ಎಂದು ಕೇಳಿ ನೋಡಿ: ಊರು ತಳ್ಳುತ್ತದೆ, ಪಟ್ಟಣ ಸೆಳೆಯುತ್ತದೆ ಎಂಬ ಸೂತ್ರ ನಾಲಗೆಯ ತುದಿಯಲ್ಲೇ ಸಿದ್ಧವಾಗಿರುತ್ತದೆ. ಈ ಚೌಕಟ್ಟಿಗೆ ಒಂದು ಖಚಿತ ರೂಪ ಸಿಕ್ಕಿದ್ದು ಎವರೆಟ್ ಲೀ 1966ರಲ್ಲಿ ವಲಸೆಯ ಬಗ್ಗೆ ಬರೆದ ಪ್ರಬಂಧದಲ್ಲಿ. ಪ್ರಶ್ನಾವಳಿಯಲ್ಲಿ ತಳ್ಳುವ ಕಾರಣಗಳಿಗೆ ಕೆಲವು ಚೌಕ, ಸೆಳೆಯುವ ಕಾರಣಗಳಿಗೆ ಕೆಲವು ಚೌಕ, ಎದುರಿಗೆ ಟಿಕ್ ಗುರುತು, ಅಧ್ಯಾಯ ಮುಗಿಯಿತು. ಬಂದ ಉತ್ತರದಲ್ಲಿ ಸುಳ್ಳೇನೂ ಇರುವುದಿಲ್ಲ. ಆದರೆ ಊರಿಗೆ ಹೋಗದೆಯೂ ಅದನ್ನು ಬರೆಯಬಹುದಿತ್ತು.

ಗ್ರೌಂಡೆಡ್ ಥಿಯರಿ ಇದಕ್ಕೆ ತಿರುಗುಮುರುಗಾದ ದಾರಿ. ಸಿದ್ಧ ಪರಿಕಲ್ಪನೆಯನ್ನು ಹೊತ್ತೊಯ್ದು ಸರಿಯೋ ತಪ್ಪೋ ಎಂದು ಪರೀಕ್ಷಿಸುವ ಬದಲು, ಜನರ ಮಾತಿನಿಂದಲೇ ಪರಿಕಲ್ಪನೆಯನ್ನು ಕಟ್ಟಿಕೊಂಡು ಬರುವುದು ಅದರ ಕೆಲಸ. ಬಾರ್ನಿ ಗ್ಲೇಸರ್ ಮತ್ತು ಆನ್ಸೆಲ್ಮ್ ಸ್ಟ್ರಾಸ್ ಎಂಬ ಇಬ್ಬರು ಸಮಾಜಶಾಸ್ತ್ರಜ್ಞರು 1967ರಲ್ಲಿ ಈ ವಿಧಾನವನ್ನು ಪುಸ್ತಕವಾಗಿ ಮುಂದಿಟ್ಟರು. ಅದಕ್ಕೂ ಮೊದಲು ಅವರು ಸ್ಯಾನ್ ಫ್ರಾನ್ಸಿಸ್ಕೊ ಸುತ್ತಲಿನ ಆಸ್ಪತ್ರೆಗಳಲ್ಲಿ ಸಾವಿನ ಅಂಚಿನಲ್ಲಿದ್ದ ರೋಗಿಗಳನ್ನೂ ದಾದಿಯರನ್ನೂ ವೈದ್ಯರನ್ನೂ ಗಮನಿಸುತ್ತಿದ್ದರು. ರೋಗಿಗೆ ತಾನು ಸಾಯುತ್ತಿರುವುದು ಗೊತ್ತಿಲ್ಲದಿರಬಹುದು, ಅನುಮಾನವಿರಬಹುದು, ಎಲ್ಲರಿಗೂ ಗೊತ್ತಿದ್ದೂ ಗೊತ್ತಿಲ್ಲದಂತೆ ನಟಿಸುತ್ತಿರಬಹುದು, ಇಲ್ಲವೇ ಎಲ್ಲ ಬಹಿರಂಗವಾಗಿರಬಹುದು. ಯಾರಿಗೆ ಎಷ್ಟು ಗೊತ್ತು ಎಂಬುದರ ಮೇಲೆ ವಾರ್ಡಿನ ಮಾತುಕತೆಯೆಲ್ಲ ಬದಲಾಗುತ್ತದೆ ಎಂಬ ಈ ನಾಲ್ಕು ಸ್ಥಿತಿಗಳ ಪರಿಕಲ್ಪನೆ 1965ರಲ್ಲಿ ಪ್ರಕಟವಾಯಿತು. ಅದನ್ನು ಅವರು ಯಾವ ಹಳೆಯ ಸಿದ್ಧಾಂತದಿಂದಲೂ ಇಳಿಸಿಕೊಂಡಿರಲಿಲ್ಲ, ವಾರ್ಡಿನ ಟಿಪ್ಪಣಿಗಳಿಂದ ಎತ್ತಿಕೊಂಡಿದ್ದರು.

ಈ ಲೇಖನದಲ್ಲಿ ಗುಳೆಯ ಉದಾಹರಣೆ ಒಂದನ್ನೇ ಹಿಡಿದು, ಮೊದಲ ಪ್ರಶ್ನೆಯಿಂದ ಕೊನೆಯ ಪ್ರತಿಪಾದನೆಯವರೆಗೆ ಕೆಲಸ ಹೇಗೆ ನಡೆಯುತ್ತದೆ ಎಂದು ತೋರಿಸುತ್ತೇನೆ. ಇಲ್ಲಿ ಬರುವ ಸಂದರ್ಶನದ ಸಾಲುಗಳು ಅಭ್ಯಾಸಕ್ಕಾಗಿ ನಾನು ಕಟ್ಟಿದವು. ಯಾವ ನಿಜ ವ್ಯಕ್ತಿಯವೂ ಅಲ್ಲ. ರಾಯಚೂರು, ಕೊಪ್ಪಳದ ಓದುಗರಿಗೆ ಅವು ಅಪರಿಚಿತವೂ ಅಲ್ಲ.

ಪ್ರಶ್ನೆಯನ್ನು ಬಾಗಿಲಿನಂತೆ ತೆರೆದಿಡಿ

"ಬರಗಾಲವು ಗುಳೆಯ ಪ್ರಮಾಣವನ್ನು ಹೆಚ್ಚಿಸುತ್ತದೆಯೇ" ಎಂಬ ಪ್ರಶ್ನೆಗೆ ಈ ವಿಧಾನ ಬೇಡ. ಅದಕ್ಕೆ ಅಂಕಿಅಂಶ ಸಾಕು. "ವರ್ಷದಲ್ಲಿ ಕೆಲವು ತಿಂಗಳು ಊರು ಬಿಡುವ ಕುಟುಂಬ, ಬಿಡುವ ಮುಂಚೆ ಮತ್ತು ಬಿಟ್ಟ ಮೇಲೆ ಏನೇನು ಮಾಡುತ್ತದೆ" ಎಂಬುದು ಇದಕ್ಕೆ ಹೊಂದುವ ಪ್ರಶ್ನೆ. ಅದರಲ್ಲಿ ಒಂದು ಕ್ರಿಯೆ ಇದೆ, ಕಾಲದ ಹರಿವಿದೆ, ಉತ್ತರ ಇಂಥದ್ದೇ ಇರಬೇಕು ಎಂಬ ಸೂಚನೆ ಇಲ್ಲ.

ಏನನ್ನೂ ಓದದೆ ಹೋಗಬೇಕೇ ಎಂದು ಎಲ್ಲರೂ ಕೇಳುತ್ತಾರೆ. ನಿಮ್ಮದೇ ಪರಿಕಲ್ಪನೆ ಗಟ್ಟಿಯಾಗುವವರೆಗೆ ಆ ವಿಷಯದ ಸಾಹಿತ್ಯವನ್ನು ಮುಟ್ಟಬೇಡಿ ಎಂಬ ಕಡೆ ಗ್ಲೇಸರ್ ವಾಲಿದವರು. ನಮ್ಮ ವಿಶ್ವವಿದ್ಯಾಲಯಗಳಲ್ಲಿ ಇದು ನಡೆಯುವ ಮಾತಲ್ಲ; ಸಾಹಿತ್ಯ ಸಮೀಕ್ಷೆಯಿಲ್ಲದ ಪ್ರಸ್ತಾವನೆಯನ್ನು ಮಾರ್ಗದರ್ಶಕರು ಕೈಗೆತ್ತಿಕೊಳ್ಳುವುದೇ ಇಲ್ಲ. ಓದಿ, ಆದರೆ ಓದಿದ್ದರಿಂದ ಪ್ರಶ್ನೆಗಳ ಪಟ್ಟಿ ತಯಾರಿಸಬೇಡಿ. ನಿಮ್ಮ ತಲೆಯಲ್ಲಿ ಆಗಲೇ ಕುಳಿತಿರುವ ಊಹೆಗಳನ್ನು ಒಂದು ಹಾಳೆಯಲ್ಲಿ ಬರೆದು ದಿನಾಂಕ ಹಾಕಿ ಇಟ್ಟುಬಿಡಿ. ಒಂದೇ ಬಗೆಯ ಮಾತುಗಳನ್ನು ಒಂದು ಹೆಸರಿನ ಕೆಳಗೆ ಕೂಡಿಸಿ ನೀವು ಆಮೇಲೆ ಕಟ್ಟುವ ವರ್ಗಗಳು ಆ ಹಾಳೆಯಲ್ಲಿದ್ದ ಊಹೆಗಳಂತೆಯೇ ಕಂಡರೆ, ನೀವು ಕಟ್ಟಿದ್ದೇನೂ ಇಲ್ಲ, ಒಯ್ದದ್ದನ್ನೇ ಮರಳಿ ತಂದಿದ್ದೀರಿ ಎಂದು ತಿಳಿಯುತ್ತದೆ.

ಒಂದು ಸಂದರ್ಶನ ಮಾಡಿ, ನಿಲ್ಲಿ

ಇಡೀ ವಿಧಾನ ಕುಸಿಯುವುದು ಹೆಚ್ಚಾಗಿ ಇಲ್ಲಿಯೇ. ಮೂವತ್ತು ಸಂದರ್ಶನ ಮುಗಿಸಿಕೊಂಡು ಬಂದು, ಬೇಸಿಗೆ ರಜೆಯಲ್ಲಿ ಕುಳಿತು ಎಲ್ಲಕ್ಕೂ ಕೋಡ್ ಹಾಕಿ, ಅದಕ್ಕೆ ಗ್ರೌಂಡೆಡ್ ಥಿಯರಿ ಎಂದು ಹೆಸರಿಡುವ ಪ್ರಬಂಧಗಳು ಬಹಳ. ಅದು ವಿಷಯವಾರು ವಿಂಗಡಣೆಯಾಗಬಹುದು, ಗ್ರೌಂಡೆಡ್ ಥಿಯರಿಯಂತೂ ಅಲ್ಲ. ಇಲ್ಲಿ ಮಾಹಿತಿ ಸಂಗ್ರಹ ಮತ್ತು ವಿಶ್ಲೇಷಣೆ ಒಂದರ ಕಾಲಿಗೆ ಒಂದು ಕಟ್ಟಿಕೊಂಡು ನಡೆಯುತ್ತವೆ. ಮೊದಲ ಸಂದರ್ಶನದಿಂದ ಏಳುವ ಸಂದೇಹವೇ ಎರಡನೆಯದನ್ನು ಯಾರ ಜೊತೆ ಮಾಡಬೇಕು, ಏನು ಕೇಳಬೇಕು ಎಂದು ಹೇಳಬೇಕು. ಎಲ್ಲವನ್ನೂ ಮೊದಲೇ ಮುಗಿಸಿಟ್ಟರೆ ಆ ಸಂದೇಹವನ್ನು ಯಾರ ಮನೆಯ ಕಟ್ಟೆಗೆ ಒಯ್ಯುತ್ತೀರಿ?

ಕಾಲ ನೋಡಿ ಹೋಗಬೇಕು. ಮುಂಗಾರಿನ ಬೆಳೆ ಕಟಾವಾಗಿ ದಸರಾ, ದೀಪಾವಳಿ ಕಳೆದ ಮೇಲೆ ಊರು ಖಾಲಿಯಾಗುತ್ತಾ ಹೋಗುತ್ತದೆ. ಯುಗಾದಿಗೆ, ಜಾತ್ರೆಗೆ, ಮೊಹರಮ್ಮಿಗೆ ಮತ್ತೆ ತುಂಬುತ್ತದೆ. ತುಂಬಿದ ದಿನಗಳಲ್ಲಿ ಜನ ಸಿಗುತ್ತಾರೆ, ಪುರುಸೊತ್ತು ಸಿಗುವುದಿಲ್ಲ. ಹಬ್ಬ ಮುಗಿದ ಮರುದಿನದಿಂದ ಹೊರಡುವ ಬಸ್ಸಿನವರೆಗಿನ ಕೆಲವು ದಿನಗಳೇ ಪ್ರಶಸ್ತ. ಕರೆದೊಯ್ಯುವ ಮೇಸ್ತ್ರಿ ಎದುರಿಗೆ ಕುಳಿತಿದ್ದರೆ ಸಂದರ್ಶನ ಮಾಡಬೇಡಿ. ಮುಂಗಡದ ವಿಷಯ ಬಂದಕೂಡಲೇ ಮಾತು ಅವನ ಮುಖ ನೋಡಿಕೊಂಡೇ ಹೊರಡುತ್ತದೆ. ಧ್ವನಿಮುದ್ರಣಕ್ಕೆ ಒಪ್ಪಿಗೆ ಕೇಳಿ. ಬೇಡವೆಂದರೆ ಬರೆದುಕೊಳ್ಳಿ, ಅದರಿಂದ ಕೆಲಸವೇನೂ ಕೆಡುವುದಿಲ್ಲ.

ಮೊದಲ ಪ್ರಶ್ನೆ ಒಂದೇ ಸಾಲಿನದಾಗಿರಲಿ: "ಅಮ್ಮಾ, ಈ ಸಲ ಹೊರಡುವ ಮುಂಚೆ ಏನೇನು ಮಾಡಿದಿರಿ, ಮೊದಲಿನಿಂದ ಹೇಳಿ." "ಯಾಕೆ ಹೋಗುತ್ತೀರಿ" ಎಂದು ಕೇಳಿದರೆ ಸರಕಾರದವರಿಗೆ ಕೊಡುವ ಉತ್ತರವೇ ನಿಮಗೂ ಸಿಗುತ್ತದೆ: "ಇಲ್ಲಿ ಕೆಲಸ ಇಲ್ಲ, ಸರ್." ಏನು ಮಾಡಿದಿರಿ ಎಂದು ಕೇಳಿದರೆ ಮನೆ, ಅಂಗಳ, ಪಕ್ಕದವರು, ಸಾಲ, ದೇವರು ಎಲ್ಲ ಹೊರಗೆ ಬರುತ್ತವೆ.

ಬಂದ ಉತ್ತರದ ಒಂದು ತುಣುಕು ಹೀಗಿದೆ ಎಂದುಕೊಳ್ಳಿ. ಓದುವ ಅನುಕೂಲಕ್ಕಾಗಿ ಬರಹದ ಕನ್ನಡಕ್ಕೆ ತಂದಿದ್ದೇನೆ. ನಿಮ್ಮ ಪ್ರತಿಯಲ್ಲಿ ಹಾಗೆ ಮಾಡಬೇಡಿ, ಅವರು ಆಡಿದ ಹಾಗೆಯೇ ಬರೆದಿಡಿ.

"ಹಬ್ಬ ಮುಗಿಸಿಕೊಂಡೇ ಬನ್ನಿ ಎಂದರು ಮೇಸ್ತ್ರಿ. ಅತ್ತೆಯನ್ನು ಮನೆಯಲ್ಲಿ ಬಿಟ್ಟೆವು. ಅವರಿದ್ದರೆ ಸಂಜೆಗೆ ದೀಪ ಹತ್ತುತ್ತದೆ. ರೇಷನ್ನಿಗೂ ಅವರ ಹೆಬ್ಬೆಟ್ಟು ನಡೆಯುತ್ತದೆ. ಸಂಘದ ಕಂತಿನ ದುಡ್ಡನ್ನು ಪಕ್ಕದ ಮನೆಯವಳ ಕೈಯಲ್ಲಿ ಒಟ್ಟಿಗೆ ಕೊಟ್ಟು ಬಂದೆ. ಜಾತ್ರೆಯ ಪಟ್ಟಿ ಎತ್ತುವಾಗ ನಾವು ಊರಲ್ಲಿರಲಿಲ್ಲ, ಆದರೂ ಕಳಿಸಿದೆವು. ಕಳಿಸದಿದ್ದರೆ ಮುಂದಿನ ವರ್ಷ ನಮ್ಮ ಹೆಸರು ಕೂಗುವುದಿಲ್ಲ."

ಸಾಲು ಸಾಲಿಗೂ ಕೋಡ್: ಹೆಸರು ಬೇಡ, ಕ್ರಿಯೆ ಬರೆಯಿರಿ

ಕೋಡ್ ಎಂದರೆ ಒಂದು ಸಾಲಿನಲ್ಲಿ ಏನು ನಡೆಯುತ್ತಿದೆ ಎಂಬುದಕ್ಕೆ ಅಂಚಿನಲ್ಲಿ ಬರೆಯುವ ಚಿಕ್ಕ ಹೆಸರು. ಮೇಲಿನ ತುಣುಕನ್ನು ಹೊಸಬರ ಕೈಗೆ ಕೊಟ್ಟರೆ ಅಂಚಿನಲ್ಲಿ ಬರುವುದು ಹೀಗೆ: ಕುಟುಂಬ, ಪಡಿತರ, ಸ್ವಸಹಾಯ ಸಂಘ, ಧಾರ್ಮಿಕ ಆಚರಣೆ. ಇನ್ನೂ ಸ್ವಲ್ಪ ಓದಿಕೊಂಡವರಾದರೆ ಸಾಮಾಜಿಕ ಬಂಡವಾಳ. ಇವು ಪುಸ್ತಕದ ಅಧ್ಯಾಯಗಳ ಹೆಸರುಗಳು. ಇವನ್ನು ಓದಿದವನಿಗೆ ಆ ಹೆಣ್ಣುಮಗಳು ಏನು ಮಾಡಿದಳು ಎಂಬುದು ತಿಳಿಯುವುದಿಲ್ಲ.

ಅದೇ ಸಾಲುಗಳಿಗೆ ಕ್ರಿಯೆಯ ರೂಪದಲ್ಲಿ ಕೋಡ್ ಹಾಕಿ ನೋಡಿ. ಅತ್ತೆಯನ್ನು ಬಿಟ್ಟದ್ದಕ್ಕೆ "ಮನೆಯಲ್ಲಿ ಒಬ್ಬರನ್ನು ಉಳಿಸಿ ಹೋಗುವುದು". ದೀಪದ ಸಾಲಿಗೆ "ಮನೆ ಖಾಲಿಯಲ್ಲ ಎಂದು ತೋರಿಸುವುದು". ರೇಷನ್ನಿನ ಸಾಲಿಗೆ "ಹೆಬ್ಬೆಟ್ಟನ್ನು ಊರಲ್ಲೇ ಬಿಡುವುದು". ಸಂಘದ ಕಂತಿಗೆ "ಇಲ್ಲದಿರುವ ದಿನಗಳ ಬಾಕಿಯನ್ನು ಮುಂಚೆಯೇ ತೀರಿಸುವುದು". ಜಾತ್ರೆಯ ಪಟ್ಟಿಗೆ "ದೂರದಿಂದ ಪಾಲು ಕೊಡುವುದು". ಕೊನೆಯ ಸಾಲಿಗೆ ನಮ್ಮ ಮಾತೇ ಬೇಡ. ಅವಳ ಮಾತನ್ನೇ ಎತ್ತಿಡಬೇಕು: "ಹೆಸರು ಕೂಗುವುದು". ಮಾತನಾಡಿದವರ ನುಡಿಯನ್ನೇ ಕೋಡ್ ಆಗಿ ಉಳಿಸಿಕೊಳ್ಳುವುದಕ್ಕೆ ಈ ವಿಧಾನದಲ್ಲಿ ವಿಶೇಷ ಜಾಗವಿದೆ, ಏಕೆಂದರೆ ಕೆಲವೊಮ್ಮೆ ಇಡೀ ಊರಿನ ಅನುಭವ ಎರಡು ಪದಗಳಲ್ಲಿ ಆಗಲೇ ಗಟ್ಟಿಯಾಗಿರುತ್ತದೆ.

ಈ ಆರು ಕೋಡ್‌ಗಳನ್ನು ಒಟ್ಟಿಗೆ ಓದಿದರೆ ಒಂದು ವಿಚಿತ್ರ ಕಾಣುತ್ತದೆ. ನಾವು ಕೇಳಿದ್ದು ಊರು ಬಿಡುವ ಬಗ್ಗೆ. ಅವಳು ಹೇಳಿದ್ದೆಲ್ಲ ಊರನ್ನು ಬಿಡದೆ ಇರುವ ಬಗ್ಗೆ. ತಳ್ಳು-ಸೆಳೆಯ ಚೌಕಗಳಲ್ಲಿ ಇದಕ್ಕೆ ಜಾಗವೇ ಇರಲಿಲ್ಲ.

ಕೋಡ್ ಹಾಕಲು ಕಂಪ್ಯೂಟರ್ ತಂತ್ರಾಂಶವೇ ಬೇಕೆಂದಿಲ್ಲ. ಬಲಗಡೆ ಅಗಲವಾದ ಅಂಚು ಬಿಟ್ಟು ಮುದ್ರಿಸಿದ ಹಾಳೆ, ಪೆನ್ಸಿಲ್, ಒಂದು ಕಟ್ಟು ಚೀಟಿ ಸಾಕು. ಮೊದಲ ಕೆಲವು ಸಂದರ್ಶನಗಳಿಗೆ ಮಾತ್ರ ಸಾಲು ಸಾಲಾಗಿ ಮಾಡಿ. ವರ್ಗಗಳು ಮೂಡಿದ ಮೇಲೂ ಎಲ್ಲವನ್ನೂ ಸಾಲು ಸಾಲಾಗಿ ಅರೆಯುತ್ತಾ ಕುಳಿತರೆ ನೂರಾರು ಚೀಟಿಗಳ ರಾಶಿ ಬೆಳೆಯುತ್ತದೆ, ಚಿಂತನೆ ಬೆಳೆಯುವುದಿಲ್ಲ.

ತಾಳೆ ನೋಡುವುದು

ಎರಡನೆಯ ಸಂದರ್ಶನ ಒಬ್ಬ ಯುವಕನದು. ಅವನ ಮನೆಯಲ್ಲಿ ಯಾರೂ ಉಳಿದಿಲ್ಲ, ತಾಯಿಯೂ ಜೊತೆಗೆ ಹೋಗುತ್ತಾಳೆ. ಅವನು ಹೇಳುತ್ತಾನೆ: "ಬೀಗ ಹಾಕಿದ ಮನೆಗೆ ಯಾರೂ ಲಗ್ನಪತ್ರಿಕೆ ಕೊಡಲು ಬರುವುದಿಲ್ಲ. ಅದಕ್ಕೇ ಕಾಕಾನ ಮಗನಿಗೆ ಹೇಳಿದ್ದೇನೆ, ಯಾರ ಮನೆಯಲ್ಲಿ ಏನು ನಡೆದರೂ ಫೋನ್ ಮಾಡು ಎಂದು. ಮುಯ್ಯಿಯನ್ನು ಮೊಬೈಲಿನಲ್ಲೇ ಹಾಕುತ್ತೇನೆ, ಅವನು ನನ್ನ ಹೆಸರಿನಲ್ಲಿ ಬರೆಸುತ್ತಾನೆ. ಆದರೆ ಮಣ್ಣಿಗೆ ಮಾತ್ರ ನಾನೇ ಬರಬೇಕು. ಅದಕ್ಕೆ ಇನ್ನೊಬ್ಬರು ನಡೆಯುವುದಿಲ್ಲ."

ಇದನ್ನು ಮೊದಲನೆಯದರ ಪಕ್ಕದಲ್ಲಿಟ್ಟು ತಾಳೆ ನೋಡಿ. ಗ್ಲೇಸರ್ ಮತ್ತು ಸ್ಟ್ರಾಸ್ ಇದನ್ನು ನಿರಂತರ ಹೋಲಿಕೆ ಎಂದು ಕರೆದರು. ಘಟನೆಯನ್ನು ಘಟನೆಯೊಡನೆ, ಆಮೇಲೆ ಘಟನೆಯನ್ನು ವರ್ಗದೊಡನೆ, ಕೊನೆಗೆ ವರ್ಗವನ್ನು ವರ್ಗದೊಡನೆ ಹೋಲಿಸುತ್ತಾ ಹೋಗುವ ಕೆಲಸ. ಇಬ್ಬರೂ ತಮ್ಮ ಬದಲಿಗೆ ಒಬ್ಬರನ್ನು ನಿಲ್ಲಿಸಿದ್ದಾರೆ: ಅವಳಿಗೆ ಅತ್ತೆ ಮತ್ತು ನೆರೆಯವಳು, ಇವನಿಗೆ ಕಾಕಾನ ಮಗ. ಇಬ್ಬರ ಮಾತಿನಲ್ಲೂ ಯಾವುದೋ ಒಂದು ಪಟ್ಟಿ ಇದೆ, ಅದರಲ್ಲಿ ಹೆಸರು ಉಳಿಯಬೇಕು. ವ್ಯತ್ಯಾಸವೂ ಇದೆ. ಅವಳು ಮುಂಚೆಯೇ ತೀರಿಸುತ್ತಾಳೆ, ಇವನು ಸಂದರ್ಭ ಬಂದಾಗ ತೀರಿಸುತ್ತಾನೆ. ಜೊತೆಗೆ ಅವನು ಒಂದು ಗೆರೆ ಎಳೆದಿದ್ದಾನೆ: ಕೆಲವಕ್ಕೆ ಬದಲಿ ನಡೆಯುತ್ತದೆ, ಕೆಲವಕ್ಕೆ ನಡೆಯುವುದಿಲ್ಲ.

ಆ ಗೆರೆ ಕಂಡ ಕ್ಷಣ ಪೆನ್ಸಿಲ್ ಕೆಳಗಿಟ್ಟು ಮೆಮೊ ಬರೆಯಬೇಕು. ಮೆಮೊ ಎಂದರೆ ನಿಮಗೆ ನೀವೇ ಬರೆದುಕೊಳ್ಳುವ ಚೀಟಿ. ವ್ಯಾಕರಣ ಬೇಡ, ಮುಜುಗರ ಬೇಡ, ದಿನಾಂಕ ಮಾತ್ರ ಇರಲಿ. ನನ್ನದಾದರೆ ಹೀಗಿರುತ್ತದೆ:

"ಊರಿನ ಲೆಕ್ಕದಲ್ಲಿ ಉಳಿಯುವುದು. ಈ ಲೆಕ್ಕಗಳು ಎರಡು ಬಗೆಯೇ? ಸರಕಾರದ ಪಟ್ಟಿ (ಕಾರ್ಡು, ಮತ), ಊರಿನ ಪಟ್ಟಿ (ಜಾತ್ರೆ, ಮುಯ್ಯಿ, ಮಣ್ಣು). ಅಥವಾ ಆ ವಿಂಗಡಣೆ ನನ್ನದೇ ಇರಬಹುದು, ಅವರಿಗೆ ಮುಖ್ಯವಾದದ್ದು ಬೇರೆ: ಬದಲಿ ನಡೆಯುವ ಲೆಕ್ಕ, ಖುದ್ದು ಬರಬೇಕಾದ ಲೆಕ್ಕ. ಎರಡನೆಯದು ಹೆಚ್ಚು ಬಲವಾಗಿ ಕಾಣುತ್ತಿದೆ, ಯಾಕೆಂದರೆ ರೇಷನ್ನಿನ ಹೆಬ್ಬೆಟ್ಟು ಮತ್ತು ಜಾತ್ರೆಯ ಪಟ್ಟಿ ಎರಡೂ ಬದಲಿ ನಡೆಯುವವು. ಮತ ಮತ್ತು ಮಣ್ಣು ಎರಡೂ ಖುದ್ದು ಬರಬೇಕಾದವು. ಬದಲಿ ನಿಂತವರಿಗೆ ಇದರಿಂದ ಏನು? ಅತ್ತೆಯನ್ನು ಕೇಳಿಲ್ಲ. ಬದಲಿ ಸತ್ತರೆ, ಜಗಳವಾದರೆ?"

ಈ ಒಂದು ಚೀಟಿಯಲ್ಲಿ ಮೂರು ಕೆಲಸ ಆಗಿವೆ. ಚದುರಿದ ಕೋಡ್‌ಗಳ ಮೇಲೆ ಒಂದು ವರ್ಗ ಎದ್ದಿದೆ. ಆ ವರ್ಗಕ್ಕೆ ಒಂದು ಗುಣ ಸಿಕ್ಕಿದೆ, ಅದೂ ಸರಕಾರ-ಸಮಾಜ ಎಂಬ ಓದಿದವರ ವಿಂಗಡಣೆಯನ್ನು ಅಡ್ಡಕೊಯ್ಯುವಂಥದ್ದು. ಮೂರನೆಯದಾಗಿ, ಮುಂದೆ ಯಾರ ಬಳಿ ಹೋಗಬೇಕು ಎಂಬುದು ತಾನಾಗಿ ಬಂದಿದೆ.

ಮುಂದಿನವರು ಯಾರು

ಸಮೀಕ್ಷೆಯಲ್ಲಿ ಮಾದರಿಯನ್ನು ಜನಸಂಖ್ಯೆಗೆ ತಕ್ಕಂತೆ ಆರಿಸುತ್ತೇವೆ: ಇಷ್ಟು ಹೆಂಗಸರು, ಇಷ್ಟು ಗಂಡಸರು, ಈ ತಾಲ್ಲೂಕಿನಿಂದ ಇಷ್ಟು. ಇಲ್ಲಿ ಹಾಗಲ್ಲ. ಅರ್ಧ ಕಟ್ಟಿದ ಪರಿಕಲ್ಪನೆಯಲ್ಲಿ ಎಲ್ಲಿ ತೂತು ಕಾಣುತ್ತದೆಯೋ ಅದನ್ನು ಮುಚ್ಚಬಲ್ಲವರನ್ನು ಹುಡುಕಿಕೊಂಡು ಹೋಗುತ್ತೇವೆ. ಮೇಲಿನ ಮೆಮೊ ಪ್ರಕಾರ ಮೂರನೆಯ ಸಂದರ್ಶನ ಊರಲ್ಲಿ ಉಳಿದ ಅತ್ತೆಯದು. ಗುಳೆಯ ಅಧ್ಯಯನದಲ್ಲಿ ಗುಳೆ ಹೋಗದವಳನ್ನು ಯಾಕೆ ಕೇಳಿದಿರಿ ಎಂದು ಪರೀಕ್ಷಕರು ಕೇಳಿದರೆ ಆ ಮೆಮೊ ತೋರಿಸಿ.

ಅತ್ತೆ ಹೇಳುವುದು: "ನಾನು ಇಲ್ಲಿ ಇವರೆಲ್ಲರ ಲೆಕ್ಕ ಹೊತ್ತು ಕೂತಿದ್ದೇನೆ. ಮಗಳ ಮನೆಗೆ ಹೋಗಿ ನಾಲ್ಕು ದಿನ ಇರುವಂತಿಲ್ಲ. ಮೊಮ್ಮಗನ ಶಾಲೆ, ಆಕಳು, ರೇಷನ್." ಬದಲಿ ಎಂಬುದಕ್ಕೆ ಒಂದು ಬೆಲೆ ಇದೆ, ಒಬ್ಬರು ಹೊರಗೆ ಓಡಾಡಬೇಕಾದರೆ ಇನ್ನೊಬ್ಬರು ಊರಿಗೆ ಕಟ್ಟಿಹಾಕಿಕೊಳ್ಳಬೇಕು. ಅದು ಬಹುಪಾಲು ಒಬ್ಬ ಮುದುಕಿ ಎಂಬುದೂ ಮುಂದಿನ ಸಂದರ್ಶನಗಳಲ್ಲಿ ತಾಳೆ ನೋಡಬೇಕಾದ ಸಂಗತಿ. ನಾಲ್ಕನೆಯದಾಗಿ ನ್ಯಾಯಬೆಲೆ ಅಂಗಡಿಯವರ ಬಳಿ ಹೋಗಬಹುದು. ಒಂದು ದೇಶ ಒಂದು ಪಡಿತರ ಚೀಟಿ ಯೋಜನೆಯಲ್ಲಿ ಬೇರೆ ಊರಲ್ಲೂ ಧಾನ್ಯ ಪಡೆಯುವ ಅವಕಾಶವಿದೆ. ಹಾಗಿದ್ದೂ ಹೆಬ್ಬೆಟ್ಟನ್ನು ಊರಲ್ಲೇ ಬಿಡುವವರಿದ್ದರೆ ಕಾರಣ ಧಾನ್ಯದ ಆಚೆ ಏನೋ ಇರಬೇಕು. ಹೀಗೆ ಪ್ರತಿಯೊಂದು ಹೆಜ್ಜೆಯೂ ಹಿಂದಿನ ಚೀಟಿಯಿಂದ ಹೊರಡುತ್ತದೆ.

ಸಂಶೋಧನಾ ಪ್ರಸ್ತಾವನೆಯಲ್ಲಿ "ಮಾದರಿಯ ಗಾತ್ರ" ಎಂಬ ಕಾಲಂ ತುಂಬಲೇಬೇಕಾದಾಗ ಇದು ತಲೆನೋವು. ಆರಂಭಕ್ಕೆ ಯಾವ ಬಗೆಯ ಕುಟುಂಬಗಳು, ನಂತರದ ಆಯ್ಕೆಗೆ ಆಧಾರವೇನು, ಅಂದಾಜು ಗರಿಷ್ಠ ಎಷ್ಟು ಎಂದು ಮೂರು ವಾಕ್ಯ ಬರೆಯಿರಿ. ಹೆಚ್ಚಿನ ಸಮಿತಿಗಳು ಅಷ್ಟಕ್ಕೆ ಒಪ್ಪುತ್ತವೆ.

ಪರಿಕಲ್ಪನೆಯನ್ನು ಮುರಿಯುವವರನ್ನು ಹುಡುಕಿ

ಇಲ್ಲಿಯವರೆಗೆ ಎಲ್ಲ ಚೆನ್ನಾಗಿ ಹೊಂದುತ್ತಿದೆ. ಅದೇ ಅಪಾಯದ ಗುರುತು. "ಊರಿನ ಲೆಕ್ಕದಲ್ಲಿ ಉಳಿಯಲು ಎಲ್ಲರೂ ಪ್ರಯತ್ನಿಸುತ್ತಾರೆ" ಎಂಬುದು ಕೇಳಲು ಹಿತವಾಗಿದೆ, ಊರಿನ ಬಗ್ಗೆ ನಮಗಿರುವ ಪ್ರೀತಿಗೂ ಒಗ್ಗುತ್ತದೆ. ಹಾಗಾದರೆ ಉಳಿಯಲು ಬಯಸದವರು ಯಾರಿರಬಹುದು ಎಂದು ಕೇಳಿಕೊಂಡು ಹೊರಡಬೇಕು. ಆ ಪ್ರಶ್ನೆ ನಿಮ್ಮನ್ನು ಊರಿನ ಇನ್ನೊಂದು ಕೇರಿಗೆ ಕರೆದೊಯ್ಯುತ್ತದೆ. ಅಲ್ಲಿ ಒಬ್ಬರು ಹೇಳುತ್ತಾರೆ:

"ಊರಲ್ಲಿದ್ದರೆ ಯಾರ ಮನೆಯಲ್ಲಿ ಸತ್ತರೂ ಹಲಗೆ ಬಾರಿಸಲು ಕರೆ ಬರುತ್ತದೆ. ಬರುವುದಿಲ್ಲ ಎಂದರೆ ಜಗಳ. ಬೆಂಗಳೂರಿನಲ್ಲಿದ್ದರೆ ಇಲ್ಲ ಎನ್ನಬೇಕಾಗಿಯೇ ಇಲ್ಲ. ಊರಲ್ಲಿ ಇಲ್ಲ, ಅಷ್ಟೇ. ಮತದ ಪಟ್ಟಿಯಲ್ಲಿ ಹೆಸರು ಇಟ್ಟುಕೊಂಡಿದ್ದೇವೆ, ಅದಕ್ಕೆ ಬಂದು ಹೋಗುತ್ತೇವೆ."

ಇದನ್ನು ಅಪವಾದವೆಂದು ಅಡಿಟಿಪ್ಪಣಿಗೆ ತಳ್ಳಿದರೆ ಸಂಶೋಧನೆ ಅಲ್ಲಿಗೇ ಸತ್ತಂತೆ. ಈ ಮಾತು ವರ್ಗವನ್ನು ಅಲ್ಲಗಳೆಯುತ್ತಿಲ್ಲ, ದೊಡ್ಡದು ಮಾಡುತ್ತಿದೆ. ಹೆಸರು ಕೂಗಿದರೆ ಮರ್ಯಾದೆ ಎಂದು ಮೊದಲನೆಯವಳಿಗೆ ಅನ್ನಿಸಿದರೆ, ಹೆಸರು ಕೂಗಿದರೆ ಬಿಟ್ಟಿ ದುಡಿಮೆ ಎಂದು ಇವರಿಗೆ ಅನುಭವ. ಲೆಕ್ಕದಲ್ಲಿ ಹಕ್ಕೂ ಇದೆ, ಋಣವೂ ಇದೆ. ಯಾರ ಪಾಲಿಗೆ ಯಾವುದು ಹೆಚ್ಚು ಎಂಬುದನ್ನು ಜಾತಿ ನಿರ್ಧರಿಸುತ್ತಿದೆ. ಒಂದೇ ಕುಟುಂಬ ಮತದ ಲೆಕ್ಕದಲ್ಲಿ ಉಳಿಯುತ್ತದೆ, ಹಲಗೆಯ ಲೆಕ್ಕದಿಂದ ಜಾರಿಕೊಳ್ಳುತ್ತದೆ. ದೂರವೇ ಒಂದು ನಿರಾಕರಣೆ, ಅದೂ ಬಾಯಿ ಬಿಡದೆ ಮಾಡಬಹುದಾದ ನಿರಾಕರಣೆ.

ಹಾಗಾಗಿ "ಊರಿನ ಲೆಕ್ಕದಲ್ಲಿ ಉಳಿಯುವುದು" ಎಂಬ ಹೆಸರು ಈಗ ಸಾಲದು. "ಊರಿನ ಲೆಕ್ಕವನ್ನು ನಿಭಾಯಿಸುವುದು" ಎಂದಾಗುತ್ತದೆ: ಕೆಲವು ಲೆಕ್ಕಗಳನ್ನು ಬದಲಿಯಿಂದ ಉಳಿಸಿಕೊಳ್ಳುವುದು, ಕೆಲವಕ್ಕೆ ಖುದ್ದು ಬರುವುದು, ಕೆಲವನ್ನು ದೂರದ ನೆಪದಲ್ಲಿ ಕೈಬಿಡುವುದು. ಇಷ್ಟು ಹಿಡಿದುಕೊಳ್ಳಬಲ್ಲ ವರ್ಗವನ್ನೇ ಕೇಂದ್ರ ವರ್ಗ ಎನ್ನುವುದು. ಇದು ಸಿಕ್ಕ ಮೇಲೆ ಹಳೆಯ ಸಂದರ್ಶನಗಳಿಗೆ ಮರಳಿ ಹೋಗಿ ಓದಬೇಕು. ಮೊದಲನೆಯವಳು ಕೈಬಿಟ್ಟ ಲೆಕ್ಕ ಯಾವುದಾದರೂ ಇತ್ತೇ? ನೀವು ಕೇಳಿರಲೇ ಇಲ್ಲ; ಈಗ ಕೇಳಬೇಕು.

ಒಂದು ಎಚ್ಚರಿಕೆ ಇಲ್ಲೇ ಹೇಳಬೇಕು. ಆಸ್ಪತ್ರೆಯ ಆ ನಾಲ್ಕು ಸ್ಥಿತಿಗಳು ಇಲ್ಲಿಗೂ ಸೊಗಸಾಗಿ ಹೊಂದುವಂತೆ ಕಾಣುತ್ತವೆ. ಊರಲ್ಲಿ ಇಲ್ಲ ಎಂಬುದು ನೆಪ ಎಂದು ಎಲ್ಲರಿಗೂ ಗೊತ್ತು, ಯಾರೂ ಹೇಳುವುದಿಲ್ಲ, ಹಾಗಾದರೆ ಇದು ಪರಸ್ಪರ ನಟನೆಯಲ್ಲವೇ? ಇರಬಹುದು. ಆದರೆ ಕರೆ ಕಳಿಸುವವರ ಬಾಯಿಂದ ಅದನ್ನು ಕೇಳುವವರೆಗೆ ಬರೆಯಬೇಡಿ. ಗ್ರೌಂಡೆಡ್ ಥಿಯರಿಯಿಂದ ಹುಟ್ಟಿದ ಪರಿಕಲ್ಪನೆಯೂ ಇನ್ನೊಂದು ಊರಿಗೆ ಹೊತ್ತೊಯ್ದರೆ ಸಿದ್ಧ ಪರಿಕಲ್ಪನೆಯೇ.

ಯಾವಾಗ ನಿಲ್ಲಿಸಬೇಕು

ಕತೆಗಳು ಮರುಕಳಿಸತೊಡಗಿದವು, ಸ್ಯಾಚುರೇಶನ್ ಆಯಿತು, ಅಂದರೆ ಇನ್ನು ಹೊಸದೇನೂ ಸಿಗುವುದಿಲ್ಲ ಎಂದು ಬರೆಯುವುದು ವಾಡಿಕೆ. ಇದು ಸಾಲದು. ಒಂದೇ ಓಣಿಯಲ್ಲಿ ಒಂದೇ ಬಗೆಯ ಜನರನ್ನು ಕೇಳಿದರೆ ಐದನೆಯ ಮನೆಯಲ್ಲೇ ಮಾತು ಮರುಕಳಿಸುತ್ತದೆ. ಗೆಸ್ಟ್, ಬನ್ಸ್ ಮತ್ತು ಜಾನ್ಸನ್ 2006ರಲ್ಲಿ ಬರೆದ ಲೇಖನ ಹಿಡಿದುಕೊಂಡು ಹನ್ನೆರಡು ಸಂದರ್ಶನ ಸಾಕು ಎನ್ನುವವರಿದ್ದಾರೆ. ಆ ಲೇಖಕರು ಹೇಳಿದ್ದು ಬಹುಮಟ್ಟಿಗೆ ಒಂದೇ ಬಗೆಯ ಜನರ ಸಂದರ್ಶನಗಳಲ್ಲಿ ವಿಷಯಗಳು ಎಷ್ಟು ಬೇಗ ಹೊರಬೀಳುತ್ತವೆ ಎಂಬುದರ ಬಗ್ಗೆ. ಪರಿಕಲ್ಪನೆ ಕಟ್ಟುವ ಕೆಲಸಕ್ಕೆ ಅದು ಅಳತೆಗೋಲಲ್ಲ.

ಇಲ್ಲಿ ನೋಡಬೇಕಾದದ್ದು ವರ್ಗದ ಗುಣಗಳನ್ನು. "ಬದಲಿ" ಎಂಬ ಉಪವರ್ಗವನ್ನು ತೆಗೆದುಕೊಳ್ಳಿ. ಯಾರು ಬದಲಿ ನಿಲ್ಲುತ್ತಾರೆ, ಯಾವ ಲೆಕ್ಕಕ್ಕೆ, ಎಷ್ಟು ಕಾಲ, ಪ್ರತಿಯಾಗಿ ಏನು ಪಡೆಯುತ್ತಾರೆ, ಯಾವಾಗ ಕೈಕೊಡುತ್ತಾರೆ ಎಂಬುದಕ್ಕೆ ಉತ್ತರಗಳಿವೆಯೇ? ಬೇಕೆಂದೇ ಬೇರೆ ಬಗೆಯವರನ್ನು ಹುಡುಕಿ ಕೇಳಿದ ಮೇಲೂ, ಹೊಲವಿರುವವರು, ಇಲ್ಲದವರು, ಒಂಟಿ ಹೆಂಗಸರು, ಸಾಲಕ್ಕೆ ಹೆದರಿ ಊರಿಗೆ ಬರದವರು ಎಲ್ಲರನ್ನೂ ನೋಡಿದ ಮೇಲೂ ಈ ಪಟ್ಟಿಗೆ ಹೊಸ ಗುಣ ಸೇರುತ್ತಿಲ್ಲವಾದರೆ ಆ ವರ್ಗ ತುಂಬಿದೆ. ಸಾಲಕ್ಕೆ ಹೆದರಿದವರು ಸಿಗುವುದು ಕಷ್ಟ, ಅವರು ಊರಲ್ಲಿರುವುದಿಲ್ಲ. ಅವರನ್ನು ಬಿಟ್ಟು ಮುಗಿಸುವುದಾದರೆ ಆ ಅಂಚು ತುಂಬಿಲ್ಲ ಎಂದು ಪ್ರಬಂಧದಲ್ಲಿ ನೇರವಾಗಿ ಬರೆಯಿರಿ.

ಯಾರ ಪಂಥ

ಮುಂದೆ ಗ್ಲೇಸರ್ ಮತ್ತು ಸ್ಟ್ರಾಸ್ ಬೇರೆ ಬೇರೆ ದಾರಿ ಹಿಡಿದರು. ಸ್ಟ್ರಾಸ್ 1990ರಲ್ಲಿ ಜೂಲಿಯೆಟ್ ಕಾರ್ಬಿನ್ ಜೊತೆ ಸೇರಿ, ಪರಿಸ್ಥಿತಿ, ಕ್ರಿಯೆ, ಪರಿಣಾಮ ಎಂಬ ಕೊಂಡಿಗಳಲ್ಲಿ ವರ್ಗಗಳನ್ನು ಜೋಡಿಸುವ ವ್ಯವಸ್ಥಿತ ಕ್ರಮವನ್ನು ಕೊಟ್ಟರು. ಇದು ಮಾಹಿತಿಯನ್ನು ಚೌಕಟ್ಟಿಗೆ ಒತ್ತಾಯದಿಂದ ತುರುಕುವುದು ಎಂದು ಗ್ಲೇಸರ್ 1992ರಲ್ಲಿ ಖಾರವಾಗಿ ಉತ್ತರಿಸಿದರು. ಕ್ಯಾಥಿ ಚಾರ್ಮಾಜ್ 2006ರಲ್ಲಿ ಇನ್ನೊಂದು ಮಾತು ಸೇರಿಸಿದರು: ಪರಿಕಲ್ಪನೆ ಮಾಹಿತಿಯೊಳಗೆ ಅಡಗಿ ಕುಳಿತಿರುವುದಿಲ್ಲ, ಕೇಳುವವರು ಮತ್ತು ಹೇಳುವವರು ಸೇರಿ ಕಟ್ಟುತ್ತಾರೆ. ನಮ್ಮ ಉದಾಹರಣೆಗೆ ಚಾರ್ಮಾಜ್ ಮಾತು ಹೆಚ್ಚು ಹತ್ತಿರ ಎಂಬುದು ನನ್ನ ಅಭಿಪ್ರಾಯ. ಹಲಗೆಯ ಮಾತನ್ನು ಅವರು ಯಾರ ಮುಂದೆ ಬೇಕಾದರೂ ಆಡುವುದಿಲ್ಲ. ಕೇಳುವವರ ಜಾತಿ, ಊರು, ಕೂತ ಜಾಗ ಎಲ್ಲವೂ ಆ ಮಾತಿನಲ್ಲಿ ಸೇರಿರುತ್ತವೆ. ಯಾವುದನ್ನೇ ಹಿಡಿಯಿರಿ, ಒಂದನ್ನೇ ಹಿಡಿದು ಅದನ್ನು ಹೆಸರಿಸಿ. ಮೂವರ ಪಾರಿಭಾಷಿಕ ಪದಗಳನ್ನೂ ಕಲಸಿ ಬರೆದ ವಿಧಾನದ ಅಧ್ಯಾಯವನ್ನು ಪರೀಕ್ಷಕರು ಮೊದಲ ಪುಟದಲ್ಲೇ ಗುರುತಿಸುತ್ತಾರೆ.

ಬರೆಯುವಾಗ

ಚೀಟಿಗಳನ್ನು ನೆಲದ ಮೇಲೆ ಹರಡಿ, ಯಾವುದರಿಂದ ಯಾವುದು ಹುಟ್ಟುತ್ತದೆ ಎಂದು ಜೋಡಿಸಿ. ಜೋಡಣೆಯೇ ಅಧ್ಯಾಯಗಳ ಕ್ರಮವಾಗುತ್ತದೆ. ಕೊನೆಗೆ ಸಿಗಬೇಕಾದದ್ದು "ಗುಳೆಯ ಹಲವು ಆಯಾಮಗಳು" ಎಂಬ ಪಟ್ಟಿಯಲ್ಲ, ಯಾರಾದರೂ ಅಲ್ಲಗಳೆಯಲು ಸಾಧ್ಯವಿರುವ ಪ್ರತಿಪಾದನೆಗಳು. ನಮ್ಮ ಉದಾಹರಣೆಯಿಂದ ಎರಡು ಬರುತ್ತವೆ. ಒಂದು: ಕುಟುಂಬ ಯಾವಾಗ ಊರಿಗೆ ಮರಳುತ್ತದೆ ಎಂಬುದನ್ನು ಕೆಲಸದ ಲಭ್ಯತೆಯಷ್ಟೇ ಅಲ್ಲ, ಬದಲಿ ನಡೆಯದ ಲೆಕ್ಕಗಳೂ ನಿರ್ಧರಿಸುತ್ತವೆ. ಎರಡು: ಊರಿನ ಲೆಕ್ಕದಲ್ಲಿ ಋಣ ಹೆಚ್ಚಿರುವ ಕುಟುಂಬಗಳು ಇಡೀ ಮನೆಗೆ ಬೀಗ ಹಾಕಿ ಹೋಗಲು ಹೆಚ್ಚು ಸಿದ್ಧವಿರುತ್ತವೆ, ಹಕ್ಕು ಹೆಚ್ಚಿರುವವು ಒಬ್ಬರನ್ನಾದರೂ ಉಳಿಸಿ ಹೋಗುತ್ತವೆ.

ಎರಡನೆಯದು ನಿಜವೇ, ನಿಜವಾದರೆ ಎಷ್ಟು ಕುಟುಂಬಗಳಲ್ಲಿ ಎಂದು ಈ ವಿಧಾನ ಹೇಳಲಾರದು. ವಯಸ್ಸಾದವರು ಇರುವ ಮನೆಗಳೇ ಒಬ್ಬರನ್ನು ಉಳಿಸುತ್ತವೆ, ಹಕ್ಕು ಋಣದ ಮಾತೆಲ್ಲ ಇಲ್ಲಿ ಸಂಬಂಧವಿಲ್ಲ ಎಂದು ಯಾರಾದರೂ ವಾದಿಸಿದರೆ ಅದನ್ನು ಸಂದರ್ಶನಗಳಿಂದ ಪೂರ್ತಿಯಾಗಿ ತಳ್ಳಿಹಾಕಲು ಬರುವುದಿಲ್ಲ. ಅದಕ್ಕೆ ಬೇಕಾದದ್ದು ಮನೆಮನೆ ಸಮೀಕ್ಷೆ. ಆ ಸಮೀಕ್ಷೆಯ ಪ್ರಶ್ನಾವಳಿಯಲ್ಲಿ ಮಾತ್ರ ಈಗ ಹೊಸ ಕಾಲಂಗಳು ಇರುತ್ತವೆ: ಮನೆಯಲ್ಲಿ ಯಾರು ಉಳಿದಿದ್ದಾರೆ, ಯಾವ ಲೆಕ್ಕಕ್ಕೆ, ಕಳೆದ ವರ್ಷ ಯಾವುದಕ್ಕೆ ಖುದ್ದು ಬಂದಿರಿ, ಯಾವ ಕರೆಗೆ ಬರಲಿಲ್ಲ.